ಹನ್ನೆರಡು ಗಂಟೆಯ ಮುಂದಿನ ಮೂರಕ್ಷರ

ಕೊಟ್ಟೂರಯ್ಯನವರಿಗೆ ದಣಿವು ಕಾಯಿಲೆಯಾಗಿರಲಿಲ್ಲ, ಸ್ವಭಾವವೇ ಆಗಿಹೋಗಿತ್ತು. ಬಳ್ಳಾರಿ ಸೀಮೆಯಿಂದ ಕಾಶಿಗೆ ಬಂದು ಇಪ್ಪತ್ತೆರಡು ವರ್ಷ. ಭಾಗೀರಥಿ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿ ಹಿರಿಯ ತಾಂತ್ರಿಕ ಸಹಾಯಕ. ಸಂಸ್ಥೆಯ ವೆಬ್‌ಸೈಟು, ಪ್ರಿಂಟರು, ಪ್ರೊಫೆಸರುಗಳ ಮರೆತುಹೋದ ಪಾಸ್‌ವರ್ಡು ಎಲ್ಲಕ್ಕೂ ಅವರೊಬ್ಬರೇ ದಿಕ್ಕು. ಊರಿನವರು ಫೋನು ಮಾಡಿದಾಗಲೆಲ್ಲ ಕಾಶಿಯಲ್ಲಿದ್ದೀಯಪ್ಪ, ಪುಣ್ಯವಂತ ಎನ್ನುತ್ತಿದ್ದರು. ಆ ಪುಣ್ಯವಂತ ಊರ ಕಡೆಯಿಂದ ಅಸ್ಥಿ ಹಿಡಿದು ಬಂದವರನ್ನು ರೈಲಿನಿಂದ ಇಳಿಸಿಕೊಂಡು, ಮಣಿಕರ್ಣಿಕಾ ಘಾಟಿನವರೆಗೆ ಬಿಟ್ಟು, ಮತ್ತೆ ರೈಲು ಹತ್ತಿಸುವುದರಲ್ಲೇ ತಮ್ಮ ರಜೆಗಳನ್ನೆಲ್ಲ ಕಳೆದಿದ್ದರು. ಸೋನಾರ್‌ಪುರದ ಬಾಡಿಗೆ ಮನೆಗೆ ಸಂಜೆ ತಲುಪಿದರೆ ಹೆಂಡತಿ ಮಂದಾಕಿನಿಯ ಜೊತೆ ಮಾತಾಡುವುದಕ್ಕೂ ಉಸಿರು ಉಳಿದಿರುತ್ತಿರಲಿಲ್ಲ.

ಇಂಥ ಮನುಷ್ಯ ಎರಡು ಸಾವಿರದ ಆರನೇ ಇಸವಿಯ ಜುಲೈನಲ್ಲಿ ಒಂದು ಚೀಟಿ ಬರೆದುಕೊಟ್ಟರು. ನಾಲ್ಕು ಅಂಕಿ ಕೂಡಿಸಿ ಬರೆಯಬೇಕಾಗಿತ್ತು, ಕೂಡಿಸಲಿಲ್ಲ. ಕಥೆ ಅಲ್ಲಿಂದ ಶುರು.

ಎಂ.ಎಸ್ಸಿ. ಸೀಟು ಹಂಚುವ ಕೌನ್ಸೆಲಿಂಗ್ ಆರನೇ ತಾರೀಕು ಗುರುವಾರ ಹನ್ನೊಂದು ಗಂಟೆಗೆ ಎಂದು ವೆಬ್‌ಸೈಟಿನಲ್ಲಿ ಹಾಕಿದ್ದರು, ಹಿಂದಿನ ದಿನ ಮಧ್ಯಾಹ್ನದ ಮೇಲೆ ಮತ್ತೊಮ್ಮೆ ನೋಡಿಕೊಳ್ಳಿ ಎಂದೂ ಎಲ್ಲರಿಗೂ ತಿಳಿಸಿದ್ದರು. ಬುಧವಾರ ಮಧ್ಯಾಹ್ನ ಪ್ರವೇಶ ಕಚೇರಿಯವರಿಗೆ ಜ್ಞಾನೋದಯವಾಯಿತು: ಹನ್ನೊಂದಕ್ಕೆ ಸಭಾಂಗಣ ಬೇರೆ ಯಾವುದೋ ಸಮಾರಂಭಕ್ಕೆ ಹೋಗಿದೆ. ಬೆಳಿಗ್ಗೆ ಎಂಟಕ್ಕೆ ಎಂದು ಬದಲಾಯಿಸಿ ಎಂದು ಫೋನು ಬಂತು. ಕೊಟ್ಟೂರಯ್ಯನವರು ಹನ್ನೆರಡು ಗಂಟೆ ಎರಡು ನಿಮಿಷಕ್ಕೆ ಬದಲಾಯಿಸಿ ಊಟಕ್ಕೆ ಎದ್ದರು.

ಮರುದಿನ ಹತ್ತೂವರೆಗೆ ಒಬ್ಬ ಹುಡುಗಿ ಬಂದು ನೋಡಿದರೆ ಬಾಗಿಲು ಹಾಕಿತ್ತು. ಅವಳ ಹೆಸರು ಅದಿತಿ. ರೈಲ್ವೆ ಕಚೇರಿಗೆ ತುಮಕೂರಿನಿಂದ ವರ್ಗವಾಗಿ ಬಂದಿದ್ದ ಕುಮಾರಯ್ಯನವರ ಮಗಳು. ಹಿಂದಿನ ದಿನ ಮಧ್ಯಾಹ್ನ ಸಂಸ್ಥೆಯ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಪುಟ ನೋಡಿ, ಪ್ರಿಂಟು ಕೂಡ ತೆಗೆದುಕೊಂಡಿದ್ದಳು. ಹಾಳೆಯಲ್ಲಿ ಹನ್ನೊಂದು ಗಂಟೆ ಎಂದೇ ಇತ್ತು, ಅಡಿಯಲ್ಲಿ ಪ್ರಿಂಟಾದ ಸಮಯ ಮೂರು ಹತ್ತು ಎಂದಿತ್ತು. ಪ್ರವೇಶ ಸಮಿತಿಯ ಅಧ್ಯಕ್ಷ ಪಾಂಡೆಯವರು ಹಾಳೆಯನ್ನು ಅತ್ತಿತ್ತ ತಿರುಗಿಸಿ ನೋಡಿ, ಕಂಪ್ಯೂಟರಿನ ಗಡಿಯಾರ ಯಾರು ಬೇಕಾದರೂ ತಿರುಗಿಸಬಹುದು ಎಂದರು. ಪುಟ ಯಾವಾಗ ಬದಲಾಯಿತು, ಬರೆದು ಕಳಿಸಿ ಎಂದು ಕೊಟ್ಟೂರಯ್ಯನವರಿಗೆ ಆಳು ಕಳಿಸಿದರು.

ವೆಬ್ ಪುಟವೊಂದು ನಮ್ಮ ಪರದೆಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಓದುವವರ ಕಣ್ಣಿಗೆ ಬೀಳದ ಕೆಲವು ಸಾಲುಗಳು ಅದರ ಮುಂದೆ ಬರುತ್ತವೆ, ಹೆಡರ್ ಎನ್ನುತ್ತಾರೆ. ಈ ಪುಟ ಕೊನೆಯ ಸಲ ಬದಲಾದದ್ದು ಯಾವಾಗ, ಎಲ್ಲಿಯವರೆಗೆ ಇದನ್ನು ತಾಜಾ ಎಂದು ನಂಬಬಹುದು, ಎಲ್ಲ ಅದರಲ್ಲಿರುತ್ತದೆ. ಕೊಟ್ಟೂರಯ್ಯನವರು ಅದನ್ನು ತೆರೆದು, ಕಂಡ ಸಾಲನ್ನು ಕಂಡ ಹಾಗೆ ಚೀಟಿಗೆ ಇಳಿಸಿದರು.

Last-Modified: Wed, 05 Jul 2006 06:32:10 GMT

ಕೊನೆಯ ಆ ಮೂರಕ್ಷರ ಗ್ರೀನಿಚ್ ಕಾಲ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆರು ಮೂವತ್ತೆರಡಕ್ಕೆ ಐದೂವರೆ ಕೂಡಿಸಿದರೆ ಹನ್ನೆರಡು ಗಂಟೆ ಎರಡು ನಿಮಿಷ. ಇದು ಅವರಿಗೆ ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಆದರೆ ಪಕ್ಕದ ಕೋಣೆಯಲ್ಲಿ ಪ್ರಿಂಟರು ಕಾಗದ ನುಂಗಿ ಕೂತಿತ್ತು, ಆಳು ಬಾಗಿಲಲ್ಲಿ ಕೈಚಾಚಿ ನಿಂತಿದ್ದ. ಅಧ್ಯಕ್ಷರು ವಿಜ್ಞಾನಿಗಳು, ಅವರಿಗೆ ತಿಳಿಯದೆ ಇರುತ್ತದೆಯೇ ಎಂದುಕೊಂಡು ಚೀಟಿ ಮಡಚಿ ಕೊಟ್ಟುಬಿಟ್ಟರು.

ಶುಕ್ರವಾರ ಮಧ್ಯಾಹ್ನ ಮೂರರ ಹೊತ್ತಿಗೆ ಕುಮಾರಯ್ಯನವರು ಮಗಳನ್ನು ಕರೆದುಕೊಂಡು ಕೋಣೆಗೆ ಬಂದರು. ಕನ್ನಡ ಸಂಘದ ಯುಗಾದಿ ಊಟದಲ್ಲಿ ನೋಡಿದ ಮುಖ, ಅಷ್ಟೇ ಪರಿಚಯ.

"ಸಾರ್, ಅಪ್ಲಿಕೇಶನ್ ರಿಜೆಕ್ಟ್ ಮಾಡಿದಾರೆ. ಪುಟ ಬೆಳಗಿನ ಜಾವ ಆರೂವರೆಗೇ ಬದಲಾಗಿತ್ತಂತೆ. ದಿನಪೂರ್ತಿ ಟೈಮಿತ್ತು, ನಿಮ್ಮ ಹುಡುಗಿ ಸುಳ್ಳು ಹೇಳ್ತಾಳೆ ಅಂತ ಬರೆದು ಕೊಟ್ಟಿದಾರೆ."

"ಆರೂವರೆ ಅಂತ ಯಾರು ಹೇಳಿದ್ರು ರೀ?"

"ನಿಮ್ಮದೇ ಚೀಟಿ ತೋರಿಸಿದ್ರು ಸಾರ್."

ಕೊಟ್ಟೂರಯ್ಯನವರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಬೆಳಗಿನ ಆರೂವರೆಗೆ ಅವರು ಹಾಲಿನ ಸಾಲಿನಲ್ಲಿ ನಿಂತಿರುತ್ತಾರೆ, ಇಡೀ ಬೀದಿಗೆ ಗೊತ್ತು. ಕುಮಾರಯ್ಯನವರು ಪ್ರಿಂಟಿನ ಹಾಳೆ ಮುಂದೆ ಹಿಡಿದರು. ಆದರೂ ಹುಡುಗಿ ಹನ್ನೊಂದು ಗಂಟೆ ಎಂದಿದ್ದನ್ನು ಮೂರು ಹತ್ತಕ್ಕೆ ಕಂಡದ್ದು ಹೇಗೆ? ಹನ್ನೆರಡಕ್ಕೇ ಬದಲಾಗಿತ್ತಲ್ಲ?

"ನೀನು ನಿಜವಾಗ್ಲೂ ಮೂರು ಗಂಟೆಗೇ ನೋಡಿದ್ಯೇನವ್ವ?"

"ಹಾಂ ಅಂಕಲ್. ಸಚ್ ಮೇ. ರಿಜಿಸ್ಟರ್‌ನಲ್ಲಿ ಸೈನ್ ಕೂಡ ಮಾಡಿದೀನಿ," ಎಂದಳು ಅದಿತಿ.

ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ಅವರು ಕಂಪ್ಯೂಟರಿನತ್ತ ತಿರುಗಿದರು. ವೆಬ್‌ಸೈಟು ಇದ್ದದ್ದು ದೆಹಲಿಯಲ್ಲಿ ಬಾಡಿಗೆಗೆ ಹಿಡಿದ ಸರ್ವರಿನಲ್ಲಿ. ಸಂಸ್ಥೆಯ ಇಂಟರ್‌ನೆಟ್ ಲೈನೋ, ಬಡವನ ಮನೆಯ ನಲ್ಲಿ. ಅದಕ್ಕಾಗಿ ನಡುವೆ ಪ್ರಾಕ್ಸಿ ಎಂಬ ಯಂತ್ರ ಇಟ್ಟಿದ್ದರು: ಒಬ್ಬರು ಕೇಳಿದ ಪುಟದ ಪ್ರತಿ ಇಟ್ಟುಕೊಂಡು, ಅವಧಿ ಮುಗಿಯುವ ತನಕ ಉಳಿದವರಿಗೂ ಅದನ್ನೇ ಕೊಡುತ್ತದೆ. ಅವಧಿಯನ್ನು ಹೇಳುವುದು ಎಕ್ಸ್‌ಪೈರ್ಸ್ ಎಂಬ ಸಾಲು, ಮಾತ್ರೆಯ ಹಾಳೆಯ ಮೇಲಿನ ತಾರೀಕಿನ ಹಾಗೆ. ಸೂಚನೆಗಳೆಲ್ಲ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಬದಲಾಗುವುದರಿಂದ, ಹನ್ನೆರಡಕ್ಕೇ ಹಳೆಯ ಪ್ರತಿ ಸಾಯಲಿ ಎಂದು ಕೊಟ್ಟೂರಯ್ಯನವರೇ ಎರಡು ವರ್ಷದ ಹಿಂದೆ, ಆಯಾ ದಿನದ ತಾರೀಕು ತಾನಾಗಿ ಬೀಳುವ ಹಾಗೆ, ಆ ಸಾಲು ಬರೆದಿದ್ದರು.

ಮೊದಲು ದೆಹಲಿಯ ಸರ್ವರನ್ನು ನೇರವಾಗಿ ಕೇಳಿದರು. ಅದರ ಉತ್ತರದಲ್ಲಿ ಈಗಿನ ಸಮಯ 09:45 ಜಿಎಂಟಿ ಎಂದಿತ್ತು. ಕೈಗಡಿಯಾರ ನೋಡಿಕೊಂಡರು, ಮೂರೂಕಾಲು. ಸರಿಯೇ. ಆಮೇಲೆ ಅದೇ ಪುಟವನ್ನು ಪ್ರಾಕ್ಸಿಯ ಮೂಲಕ ಕೇಳಿದರು. ಬೆಳಿಗ್ಗೆ ತೆಗೆದಿಟ್ಟ ಹಳೆಯ ಪ್ರತಿಯೇ ಬಂತು, ಜೊತೆಗೆ ಈ ಸಾಲು:

Expires: Fri, 07 Jul 2006 12:00:00 GMT

ಸರ್ವರಿನ ಲೆಕ್ಕದಲ್ಲಿ ಈಗ ಒಂಬತ್ತೂ ಮುಕ್ಕಾಲು. ಹನ್ನೆರಡು ಇನ್ನೂ ಆಗಿಯೇ ಇಲ್ಲ. ಆಗುವುದು ನಮ್ಮ ಸಂಜೆ ಐದೂವರೆಗೆ.

ಕೊನೆಯ ಬದಲಾವಣೆಯ ಸಾಲನ್ನು ಅವರು ಪುಸ್ತಕ ನೋಡಿ ನಕಲು ಮಾಡಿದ್ದರು. ಅದು ಸರಿಯಾಗಿ ಗ್ರೀನಿಚ್ ಕಾಲವನ್ನೇ ಹೇಳುತ್ತಿತ್ತು. ಎಕ್ಸ್‌ಪೈರ್ಸ್ ಸಾಲು ಮಾತ್ರ ಸ್ವಂತ ಬುದ್ಧಿಯದು. ಕಾಶಿಯ ಹನ್ನೆರಡನ್ನು ಬರೆದು, ನಿಯಮಕ್ಕೆ ಬೇಕಲ್ಲ ಎಂದು ಮುಂದೆ ಜಿಎಂಟಿ ಅಂಟಿಸಿಬಿಟ್ಟಿದ್ದರು. ಎರಡು ವರ್ಷ ಸಂಸ್ಥೆಯೊಳಗಿನವರಿಗೆಲ್ಲ ಮಧ್ಯಾಹ್ನದ ಸೂಚನೆ ಸಂಜೆ ಐದೂವರೆಗೆ ಕಾಣುತ್ತಿತ್ತು, ಒಬ್ಬರೂ ದೂರಲಿಲ್ಲ. ಈ ಕಚೇರಿಯಲ್ಲಿ ಯಾವುದು ಹೊತ್ತಿಗೆ ಸರಿಯಾಗಿ ಬಂದಿತ್ತು ಹೇಳಿ! ತಡ ಎಂಬುದು ಇಲ್ಲಿ ತಪ್ಪಿನ ಲಕ್ಷಣವೇ ಅಲ್ಲ.

"ನಿಮ್ಮ ಮಗಳದ್ದು ಏನೂ ತಪ್ಪಿಲ್ರಿ. ತಪ್ಪು ನಂದು. ಎರಡು ತಪ್ಪು," ಎಂದರು. ಕುಮಾರಯ್ಯನವರು ಕೈ ಮುಗಿದರು. ಆ ಮುಗಿದ ಕೈ ನೋಡಲಾಗದೆ ಕೊಟ್ಟೂರಯ್ಯನವರು ಗ್ರಂಥಾಲಯಕ್ಕೆ ಹೊರಟರು.

ಪ್ರಾಕ್ಸಿಯ ದಾಖಲೆಯ ಪ್ರಕಾರ ಬುಧವಾರ ಹನ್ನೆರಡರಿಂದ ಐದೂವರೆಯ ನಡುವೆ ಗ್ರಂಥಾಲಯದಿಂದ ಆ ಪುಟವನ್ನು ಕೇಳಿದ್ದು ಎರಡು ಸಲ. ರಿಜಿಸ್ಟರಿನಲ್ಲಿ ಆ ಹೊತ್ತುಗಳಿಗೆ ಎರಡು ಸಹಿ. ಮೂರು ಗಂಟೆಗೆ ಅದಿತಿಯದು. ನಾಲ್ಕೂ ಇಪ್ಪತ್ತಕ್ಕೆ ಗಾಜಿಪುರದ ರಾಮಾಶ್ರಯ ಎಂಬುವನದು. ಆಯ್ಕೆ ಪಟ್ಟಿಯಲ್ಲಿ ಅವನ ಸ್ಥಾನ ಇಪ್ಪತ್ತಮೂರು, ಅದಿತಿಯದು ಮೂವತ್ತೊಂದು. ಗುರುವಾರ ಅವನೂ ಮುಚ್ಚಿದ ಬಾಗಿಲು ನೋಡಿ, ಯಾರನ್ನೂ ಕೇಳದೆ, ಬಸ್ಸು ಹತ್ತಿ ಊರಿಗೆ ಹೋಗಿದ್ದ.

ಗೈರುಹಾಜರಾದ ಈ ಇಬ್ಬರಿಂದಲೇ ಎರಡು ಸೀಟು ಖಾಲಿ ಉಳಿದಿದ್ದವು. ಒಂದನ್ನು ಅದೇ ಶುಕ್ರವಾರ ಬೆಳಿಗ್ಗೆ ಕಾಯುವವರ ಪಟ್ಟಿಯ ಮೊದಲಿನವನಿಗೆ ಕೊಟ್ಟು ಮುಗಿದಿತ್ತು, ಅದನ್ನು ಕಿತ್ತುಕೊಳ್ಳುವಂತಿರಲಿಲ್ಲ. ಉಳಿದದ್ದು ಒಂದು.

ಕೊಟ್ಟೂರಯ್ಯನವರು ರಿಜಿಸ್ಟರನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕೂತರು. ಗಾಜಿಪುರದವನು ದೂರು ಕೊಟ್ಟಿಲ್ಲ. ಅವನ ಹೆಸರು ಬರೆಯದಿದ್ದರೆ ಕೇಳುವವರೂ ಇಲ್ಲ. ಹುಡುಗಿಗೆ ಸೀಟು ಸಿಗುತ್ತದೆ, ಕನ್ನಡದವರೊಬ್ಬರ ಮನೆ ದೀಪ ಉರಿಯುತ್ತದೆ. ಈ ವಯಸ್ಸಿನಲ್ಲಿ ಸತ್ಯಹರಿಶ್ಚಂದ್ರನ ವೇಷ ನನಗೇಕೆ ಎಂದು ಅವರಿಗೆ ನಿಜವಾಗಿಯೂ ಅನ್ನಿಸಿತು, ಅದೂ ಹರಿಶ್ಚಂದ್ರನ ಊರಿನಲ್ಲೇ ಕೂತು. ಆದರೆ ಒಮ್ಮೆ ಅರ್ಧ ಬರೆದು ಕೊಟ್ಟಾಗಿತ್ತು. ಇನ್ನೊಮ್ಮೆ ಅರ್ಧ ಬರೆದು, ಅದನ್ನು ಹೊತ್ತುಕೊಂಡು ತಿರುಗುವ ಶಕ್ತಿ ಉಳಿದಿರಲಿಲ್ಲ. ಎರಡೂ ಹೆಸರು ಬರೆದರು. ಪ್ರತಿಯೊಂದು ಸಮಯದ ಮುಂದೆಯೂ ಗ್ರೀನಿಚ್ ಇಷ್ಟು, ಭಾರತ ಇಷ್ಟು ಎಂದು ಬಿಡಿಸಿ ಬರೆದರು. ಕೊನೆಗೆ, ಇದು ನನ್ನ ತಪ್ಪು ಎಂದು ಸಹಿ ಹಾಕಿದರು.

ಪಾಂಡೆಯವರು ಎರಡು ಸಲ ಓದಿ, "ನಿಮ್ಮ ಭಾಷೆಯ ಹುಡುಗಿ ಅಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದರು.

"ಹೌದು ಸಾಹೇಬ್. ಎರಡನೇ ಹೆಸರೂ ನೋಡಿ."

ಅವರು ಎರಡನೇ ಹೆಸರು ನೋಡಿದರು. ಪಟ್ಟಿ ತರಿಸಿ ಸ್ಥಾನ ನೋಡಿದರು. ಆರು ಮೂವತ್ತೆರಡನ್ನು ಬೆಳಗಿನದೆಂದು ಓದಿದ್ದಕ್ಕೆ ಮುಖ ಸಣ್ಣದು ಮಾಡಿಕೊಂಡರೋ, ಸಿಟ್ಟಾದರೋ ತಿಳಿಯಲಿಲ್ಲ. "ಒಂದೇ ಸೀಟಿದೆ ಕೊಟ್ಟೂರ್ ಜೀ. ಒಂದೇ ಹೆಸರು ತಂದಿದ್ದರೆ ನನಗೂ ಸುಲಭವಾಗುತ್ತಿತ್ತು, ನಿಮಗೂ," ಎಂದು ಗಾಜಿಪುರಕ್ಕೆ ಫೋನು ಹಚ್ಚಿಸಿದರು.

ಶನಿವಾರ ಬೆಳಿಗ್ಗೆ ರಾಮಾಶ್ರಯ ಬಂದು ಸಹಿ ಹಾಕಿ ಹೋದ. ತನಗೇಕೆ ಕರೆ ಬಂತು ಎಂಬುದು ಅವನಿಗೆ ಪೂರ್ತಿ ತಿಳಿದಂತಿರಲಿಲ್ಲ.

ಕುಮಾರಯ್ಯನವರು ಮತ್ತು ಅದಿತಿ ಮರದ ಕೆಳಗೆ ನಿಂತಿದ್ದರು. ಸುದ್ದಿಯನ್ನು ತಾವೇ ಹೇಳಬೇಕೆಂದು ಕೊಟ್ಟೂರಯ್ಯನವರು ಅಲ್ಲಿಗೆ ನಡೆದರು. ಸುಳ್ಳು ಹೇಳಿದಳು ಎಂಬ ಮಾತನ್ನು ಸಮಿತಿ ಅಳಿಸಿದೆ, ಕಾಗದ ಕೊಡುತ್ತಾರೆ ಎಂದರು. ಸೀಟು ಇಲ್ಲ ಎಂದೂ, ಏಕೆಂದೂ ಹೇಳಿದರು.

ಕುಮಾರಯ್ಯನವರು, "ನಿಜ ಹೇಳೋಕೆ ನಿಮಗೆ ನಮ್ಮ ಮಗಳೇ ಬೇಕಾಗಿತ್ತಾ ಸಾರ್," ಎಂದರು. ಸಿಟ್ಟಿನ ಧ್ವನಿ ಅಲ್ಲ. ಸಿಟ್ಟಾಗಿದ್ದರೆ ಕೊಟ್ಟೂರಯ್ಯನವರಿಗೆ ಸಮಾಧಾನವಾಗುತ್ತಿತ್ತು.

ಅದಿತಿ ಮಾತ್ರ ಏನೋ ಲೆಕ್ಕ ಹಾಕುತ್ತಿದ್ದಳು. ಗಣಿತದ ಹುಡುಗಿ, ಬಿಡುತ್ತಾಳೆಯೇ?

"ಅಂಕಲ್, ಗುರುವಾರ ಎರಡು ಸೀಟ್ ಖಾಲಿ ಇತ್ತಲ್ಲ?"

"ಇತ್ತವ್ವ."

"ನೀವು ಗುರುವಾರದ ಚೀಟೀಲೇ ಹನ್ನೆರಡು ಗಂಟೆ ಅಂತ ಬರೆದಿದ್ದರೆ... ಬರೀ ಮೂರು ಗಂಟೆ ಡಿಫರೆನ್ಸ್, ಸುಳ್ಳು ಅಂತಿರಲಿಲ್ಲ. ಹಳೇ ಪುಟ ಹೇಗೆ ಬಂತು ಅಂತ ಅವತ್ತೇ ಚೆಕ್ ಮಾಡ್ತಿದ್ದರು, ಹೈ ನಾ? ಇಬ್ಬರಿಗೂ ಸಿಕ್ತಿತ್ತಾ?"

ಪ್ರಿಂಟರು ಕಾಗದ ನುಂಗಿತ್ತು, ಆಳು ಕಾಯುತ್ತಿದ್ದ, ಅಧ್ಯಕ್ಷರಿಗೆ ತಿಳಿದಿರಬೇಕಿತ್ತು. ಹೇಳುವುದಕ್ಕೆ ಬೇಕಾದಷ್ಟಿತ್ತು. ಹುಡುಗಿ ಉತ್ತರಕ್ಕಾಗಿ ಅವರ ಮುಖವನ್ನೇ ನೋಡುತ್ತಿದ್ದಳು.

"ಸಿಗ್ತಿತ್ತವ್ವ," ಎಂದರು ಕೊಟ್ಟೂರಯ್ಯ. "ಇಬ್ಬರಿಗೂ ಸಿಗ್ತಿತ್ತು."