ಇಪ್ಪತ್ತನಾಲ್ಕು ಪೆಟ್ಟಿಗೆ

ಉದ್ದವ್ವ ಹುಟ್ಟಿದ್ದು ಕುಲಗೋಡದಲ್ಲಿ, ಬಂದು ಬಿದ್ದಿದ್ದು ಧುಪದಾಳದ ಕೆಳಗಿನ ಹೊಳೆ ದಂಡೆಯ ಓಣಿಗೆ. ಮೂವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಓದು ಕಲಿತಳು. ಈಗ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಅನ್ನ ಕಡಿಮೆ ಬಿದ್ದಿಲ್ಲ, ಚೆಲ್ಲಿಯೂ ಇಲ್ಲ. ಹೊಳೆಯೊಂದನ್ನು ಬಿಟ್ಟರೆ ಯಾರಿಗೂ ಹೆದರುವ ಹೆಂಗಸಲ್ಲ. ಐದು ವರ್ಷದ ಹಿಂದೆ ಘಟಪ್ರಭೆ ಮನೆಯೊಳಗೆ ಬಂದಾಗ ಅತ್ತೆ ಸತ್ತೆವ್ವನನ್ನು ಬೆನ್ನಿಗೆ ಕಟ್ಟಿಕೊಂಡು ಎದೆಮಟ್ಟದ ನೀರಲ್ಲಿ ನಡೆದು ಶಾಲೆಯಲ್ಲಿ ಆಸರೆ ಪಡೆದಿದ್ದಳು. ಆ ನೀರಿನ ನಾತ ಇನ್ನೂ ಮೂಗಿನಲ್ಲಿದೆ. ಸತ್ತೆವ್ವನಿಗೆ ಈಗ ಕಾಲೇ ಇಲ್ಲದ ಹಾಗೆ. ಹೊಳೆಗೆ ಹತ್ತಿರದ ಕೊನೆಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಳೆ.

ಹೋದ ವರ್ಷ ದಂಡೆಯ ತಡೆಗೋಡೆ ಕುಸಿಯಿತು. ಓಣಿಯವರು ನಾಲ್ಕು ಸಲ ಪಂಚಾಯ್ತಿ ಬಾಗಿಲಲ್ಲಿ ಕೂತು ಎದ್ದ ಮೇಲೆ ತಂತಿ ಜಾಳಿಗೆಯ ಪೆಟ್ಟಿಗೆ ಮತ್ತು ಕಲ್ಲು ಬಂದವು. ಪೆಟ್ಟಿಗೆಗೆ ಕಲ್ಲು ತುಂಬಿ, ಬಾಯಿ ಬಿಗಿದು, ಒಂದರ ಮೇಲೊಂದು ಕೂಡಿಸಬೇಕು. ದುಡಿಯುವ ಕೈ ಓಣಿಯವರದೇ. ಉಳಿದವರೆಲ್ಲ ಕಬ್ಬಿನ ಕಳೆಗೆ, ಇಟ್ಟಂಗಿ ಭಟ್ಟಿಗೆ ಹೋಗಿದ್ದರು. ಜೂನ್ ಕೊನೆಯ ಭಾನುವಾರ ನಾಲ್ವರ ಹೆಸರು ಉಳಿದವು: ಉದ್ದವ್ವ, ಎಮ್ಮೆ ಸಾಕುವ ಕೆಂಪವ್ವ, ಕಲ್ಲು ಕಟ್ಟುವ ಗವಂಡಿ ದುರ್ಗೇಶ, ಮುದುಕ ಸಾತಪ್ಪ.

ಪಂಚಾಯ್ತಿ ಇಂಜಿನಿಯರ್ ಶಿವಕುಮಾರ ಬೈಕಿನ ಮೇಲೆಯೇ ಲೆಕ್ಕ ಹಾಕಿದ.

"ಇನ್ನ ಇಪ್ಪತ್ತನಾಲ್ಕು ಪೆಟ್ಟಿಗಿ ಅದಾವು. ಒಂದಕ್ಕ ಒಬ್ಬರ ಎಂಟು ತಾಸಿನ ಕೆಲಸ. ಒಟ್ಟು ನೂರಾ ತೊಂಬತ್ತೆರಡು ತಾಸು. ನಾಕು ಮಂದಿ, ದಿನಕ್ಕ ಎಂಟು ತಾಸು. ಆರ ದಿನ! ನಾಳೆ ಶುರು ಮಾಡ್ರಿ, ಶನಿವಾರ ಮುಗಸ್ರಿ. ಡ್ಯಾಮಿನ ನೀರು ಜುಲೈ ಹದಿನೆಂಟರ ಸುಮಾರಿಗಿ ಬಿಡಬಹುದು ಅಂತಾರ. ಏನೂ ಚಿಂತಿ ಮಾಡಬ್ಯಾಡ್ರಿ."

ಓಣಿ ಉಸಿರು ಬಿಟ್ಟಿತು. ಸತ್ತೆವ್ವ ಒಳಗಿಂದಲೇ ಕೂಗಿದಳು: "ನನ್ನ ಸಾಲ್ಯಾಗ ಹಾಕಬ್ಯಾಡ್ರಿ ಮತ್ತ! ನಾ ಇಲ್ಲೇ ಸಾಯಾಕಿ."

ಮರುದಿನ ಸೋಮವಾರ. ಮಧ್ಯಾಹ್ನ ಪಾತ್ರೆ ತೊಳೆಯುವಾಗ ಉದ್ದವ್ವನಿಗೆ ಇಂಜಿನಿಯರನ ಲೆಕ್ಕ ಮತ್ತೆ ನೆನಪಾಯಿತು. ಹಾಜರಿ ಪುಸ್ತಕದಲ್ಲಿ ನಲವತ್ತು ಹೆಸರಿದ್ದರೂ ಅವಳು ಅನ್ನಕ್ಕಿಡುವುದು ಆ ದಿನ ಬಂದ ಮೂವತ್ತು ಮಕ್ಕಳಿಗೆ. ಹೆಸರು ಉಣ್ಣುವುದಿಲ್ಲ, ಬಂದವರು ಉಣ್ಣುತ್ತಾರೆ. ಇಂಜಿನಿಯರ್ ಹೆಸರುಗಳಿಗೆ ಅನ್ನಕ್ಕಿಟ್ಟಿದ್ದ.

ಇದ್ದಿಲು ತೆಗೆದು ಅಡುಗೆಮನೆಯ ಗೋಡೆಗೆ ಗೀಚಿದಳು. ಅವಳಿಗೆ ಬಿಡುವು ಮೂರು ಗಂಟೆಯ ಮೇಲೆ: ದಿನಕ್ಕೆ ಮೂರು ತಾಸು, ಆರು ದಿನ, ಹದಿನೆಂಟು. ಕೆಂಪವ್ವ ಎರಡೂ ಹೊತ್ತಿನ ಹಾಲಿನ ನಡುವೆ ನಾಲ್ಕು ತಾಸು, ಶನಿವಾರ ಸಂತೆ, ಅಂದರೆ ಐದೇ ದಿನ: ಇಪ್ಪತ್ತು. ದುರ್ಗೇಶ ಪ್ರತಿ ವಾರ ಬುಧವಾರದ ತನಕ ಗೋಕಾಕದಲ್ಲಿ ಒಬ್ಬರ ಮನೆ ಕಟ್ಟುತ್ತಾನೆ. ಗುರುವಾರದಿಂದ ಮೂರು ದಿನ ಪೂರಾ: ಇಪ್ಪತ್ತನಾಲ್ಕು. ಸಾತಪ್ಪ ಮೂಡಲಗಿಯಲ್ಲಿ ಅಂಗಡಿ ಕಾಯುವವನು. ಮಂಗಳವಾರ, ಬುಧವಾರ ಮಾತ್ರ ಊರಲ್ಲಿರುತ್ತಾನೆ. ಅವನ ಮೊಣಕಾಲು ಐದು ತಾಸಿಗಿಂತ ಹೆಚ್ಚು ನಿಲ್ಲುವುದಿಲ್ಲ: ಹತ್ತು.

ಕೂಡಿಸಿದಳು. ವಾರಕ್ಕೆ ಎಪ್ಪತ್ತೆರಡು ತಾಸು. ಒಂಬತ್ತೇ ಪೆಟ್ಟಿಗೆ.

ಎರಡು ವಾರಕ್ಕೆ ಹದಿನೆಂಟು. ಉಳಿದ ಆರು ಮೂರನೇ ವಾರಕ್ಕೆ. ಯಾವ ವಾರ ಯಾವತ್ತು ಎಷ್ಟು ಕೈ ಎಂದು ದಿನ ದಿನ ಎಣಿಸುತ್ತ ಹೋದರೆ ಕೊನೆಯ ಪೆಟ್ಟಿಗೆ ಬಿಗಿಯುವುದು ಜುಲೈ ಹತ್ತೊಂಬತ್ತು, ಶುಕ್ರವಾರ. ನೀರು ಬರುವುದು ಹದಿನೆಂಟಕ್ಕೆ.

ಸಂಜೆ ಫೋನ್ ಮಾಡಿದಳು.

"ಸಾಹೇಬ್ರ, ನಿಮ್ಮ ಆರ ದಿನ ಖೊಟ್ಟಿ ಐತ್ರಿ."

"ಅಲ್ಲವ್ವಾ, ನೂರಾ ತೊಂಬತ್ತೆರಡನ್ನ ಮೂವತ್ತೆರಡಕ್ಕ ಭಾಗಿಸು, ನೋಡು."

"ಮೂವತ್ತೆರಡು ತಾಸು ಯಾವ ದಿನ ಐತ್ರಿ ನಮ್ಮ ಕಡೆ? ಸೋಮವಾರ ಏಳು ತಾಸು ಅಷ್ಟ. ಗುರುವಾರ ಭಾಳ ಅಂದ್ರ ಹದಿನೈದು. ನಿಮ್ಮ ದಿನ ನಿಮ್ಮ ಕಾಗದದಾಗ ಅದಾವ್ರಿ."

ಆ ಕಡೆಯಿಂದ ಕಾಗದ ಮಗುಚುವ ಸದ್ದು.

"ಖರೆ ಐತಿ," ಎಂದ. "ನಾ ತಲಿ ಎಣಸೀನಿ, ತಾಸು ಎಣಸಿಲ್ಲ. ಹೆಚ್ಚಿನ ಮಂದಿ ಕಳಸೂನು ಅಂದ್ರ ಎಲ್ಲಾ ಊರಾಗೂ ಇದ ಗೋಳು."

ಮಂಗಳವಾರ ತಡೆಗೋಡೆಯ ಹತ್ತಿರ ಇದನ್ನೇ ಹೇಳಿದಾಗ ಸಾತಪ್ಪ ಬೀಡಿ ಆರಿಸಿದ. "ಒಂದು ದಿನ ಮರತಿ ನೋಡ ತಂಗಿ. ಈ ಶುಕ್ರವಾರ ಮಣ್ಣೆತ್ತಿನ ಅಮಾಸಿ. ಅಮಾಸಿ ದಿನ ಗವಂಡಿ ಕಲ್ಲಿಗಿ ಕೈ ಹಚ್ಚಂಗಿಲ್ಲ. ಕೆಂಪವ್ವ ಮಣ್ಣಿನ ಎತ್ತು ಮಾಡಕೋತ ಕುಂದರತಾಳ."

"ಕಾಕಾ, ಹೊಳಿಗಿ ಅಮಾಸಿ ಗೊತ್ತೇನ?"

"ಹೊಳಿಗಿ ಗೊತ್ತಿಲ್ಲ. ದುರ್ಗ್ಯಾಗ ಗೊತ್ತೈತಿ. ಅಂವಾ ಬರಂಗಿಲ್ಲ. ನೀ ಒಬ್ಬಾಕಿ ಮೂರ ತಾಸಿನ್ಯಾಗ ಏನ ಕಿಸೀತಿ?"

ಬೈದು ಪ್ರಯೋಜನವಿರಲಿಲ್ಲ. ಅಮಾವಾಸ್ಯೆಗೆ ಆ ಓಣಿ ಕಲ್ಲು ಮುಟ್ಟಿದ್ದಿಲ್ಲ, ಮುಟ್ಟುವುದೂ ಇಲ್ಲ. ಆ ಹದಿನೈದು ತಾಸು ಹೊರಟು ಹೋದವು. ಹತ್ತೊಂಬತ್ತರ ಶುಕ್ರವಾರದ ಕೊನೆಯ ಪೆಟ್ಟಿಗೆ ಇಪ್ಪತ್ತರ ಶನಿವಾರಕ್ಕೆ ಜಾರಿತು. ಹದಿನೇಳರ ಸಂಜೆಗೆ ನಾಲ್ಕು ಪೆಟ್ಟಿಗೆ ಖಾಲಿ ಉಳಿಯುತ್ತವೆ, ಮೂವತ್ತೆರಡು ತಾಸಿನ ಕೆಲಸ. ಆ ನಾಲ್ಕರ ಹಿಂದೆ ನೇರಕ್ಕೆ ಸತ್ತೆವ್ವನ ಹಾಸಿಗೆ.

ಆ ರಾತ್ರಿಯಿಂದ ಉದ್ದವ್ವನಿಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಹೊಸ್ತಿಲ ಮೇಲೆ ನೀರು ನೆಕ್ಕುವ ಸದ್ದು. ಮೂವತ್ತೆರಡು ತಾಸು ಯಾರ ಹತ್ತಿರ ಇವೆ? ಎಲ್ಲಿ ಅಡಗಿವೆ?

ಗುರುವಾರ ದುರ್ಗೇಶನನ್ನು ಹಿಡಿದಳು.

"ತಮ್ಮಾ, ಹದಿನಾಕನೇ ತಾರೀಖು ಭಾನುವಾರ. ಆ ದಿನ ನಾ ಎಂಟು ತಾಸು, ನೀ ಎಂಟು, ಕೆಂಪವ್ವ ನಾಕು. ಇಪ್ಪತ್ತಾತು. ಸೋಮವಾರ, ಮಂಗಳವಾರ ಗೋಕಾಕಕ್ಕ ಹೋಗಬ್ಯಾಡ, ಇಲ್ಲೇ ಬಾ. ಹದಿನಾರಾತು."

"ಮಾಲಕ ಬ್ಯಾರೆ ಗವಂಡಿ ಹಚ್ಚಿದರ?"

"ಹಚ್ಚಲಿ. ನಿನ್ನ ಮನಿ ನನ್ನ ಮನಿಯ ಹಿಂದ ಐತಿ. ನಮ್ಮ ಅತ್ತಿ ತೇಲಿದರ ಮೊದಲ ನಿನ್ನ ಅಂಗಳದಾಗ ಬರತಾಳ."

ದುರ್ಗೇಶ ನಗಲಿಲ್ಲ. ಹೊಳೆ ನೋಡಿದ, ಕೆನ್ನೆ ಕೆರೆದ. "ಎರಡ ದಿನ ಅಷ್ಟ ಅಕ್ಕಾ. ಮೂರನೇದು ಕೇಳಬ್ಯಾಡ."

ಇಪ್ಪತ್ತು, ಹದಿನಾರು: ಮೂವತ್ತಾರು. ನಾಲ್ಕು ತಾಸು ಮಿಕ್ಕಿತ್ತು. ಆ ನಾಲ್ಕನ್ನು ಉದ್ದವ್ವ ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾರಾದರೂ ತಿಂದುಬಿಡುತ್ತಾರೆ.

ಎಮ್ಮೆ ತಿಂದಿತು. ಮುಂದಿನ ಸೋಮವಾರ ಕೆಂಪವ್ವನ ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿ, ಅವಳ ನಾಲ್ಕು ತಾಸು ಕೊಟ್ಟಿಗೆಯಲ್ಲೇ ಕಳೆದವು. ಮಿಕ್ಕಿದ್ದು ಸೊನ್ನೆ. ಅಂದಿನಿಂದ ಯಾರಾದರೂ ಕೆಮ್ಮಿದರೂ ಉದ್ದವ್ವ ಮತ್ತೆ ಲೆಕ್ಕ ಹಾಕುತ್ತಿದ್ದಳು. ಸಾತಪ್ಪ ಹದಿನೇಳರ ಬುಧವಾರ ಮಧ್ಯಾಹ್ನ ನಾಲ್ಕಕ್ಕೆ ಮೊಣಕಾಲು ಹಿಡಿದು ಕೂತಾಗ ಅವಳು ಬಾಯಿಬಿಟ್ಟು ಬೇಡಿಕೊಂಡಳು: "ಇನ್ನ ಒಂದು ತಾಸು ಕಾಕಾ, ಒಂದ ತಾಸು. ಸಾಲಿ ಅಡಗಿಮನಿಯ ಗ್ವಾಡಿ ಮ್ಯಾಲೆ ನಿನ್ನ ಹೆಸರಿನ ಮುಂದ ಐದು ಗೆರಿ ಅದಾವು."

"ಹಾಳಾಗಿ ಹೋಗಲಿ ನಿನ್ನ ಗೆರಿ," ಎನ್ನುತ್ತ ಮುದುಕ ಎದ್ದ.

ಅದೇ ಸಂಜೆ, ಹೊತ್ತು ಮುಳುಗುವಾಗ, ಇಪ್ಪತ್ತನಾಲ್ಕನೆಯ ಪೆಟ್ಟಿಗೆಯ ಬಾಯಿ ಬಿಗಿದರು. ದುರ್ಗೇಶ ಅವತ್ತು ಗೋಕಾಕದಲ್ಲಿದ್ದ. ತಂತಿ ತಿರುವಿದ್ದು ಉದ್ದವ್ವನೇ. ಬೆರಳು ಸೀಳಿ ರಕ್ತ ಬಂದಿತ್ತು, ಅವಳಿಗೆ ಗೊತ್ತಾಗಲಿಲ್ಲ.

ಆಮೇಲೆ ಮನೆಗೆ ಹೋಗಿ ಹೋದ ಸಲದ ಹಾಗೆಯೇ ಅತ್ತೆಯನ್ನು ಬೆನ್ನಿಗೆ ಕಟ್ಟಿಕೊಂಡಳು.

"ಗ್ವಾಡಿ ಮುಗದೈತೆಲ್ಲ! ಎಲ್ಲಿಗಿ ಒಯ್ಯಾಕತ್ತಿ ನನ್ನ?" ಸತ್ತೆವ್ವ ಅವಳ ಭುಜ ಗುದ್ದಿದಳು.

"ಸಾಲಿಗಿ. ಗ್ವಾಡಿಯ ಲೆಕ್ಕ ನಂದು. ಹೊಳಿಯ ಲೆಕ್ಕ ಯಾರದೂ ಅಲ್ಲ. ಬಾಯಿ ಮುಚ್ಚು."

ಗುರುವಾರ ಬೆಳಗ್ಗೆ ಹೊಳೆ ಕೆಂಪಾಗಿ ಬಂತು. ಮಧ್ಯಾಹ್ನಕ್ಕೆ ಮೂರನೇ ಸಾಲಿನ ಪೆಟ್ಟಿಗೆ ಮುಳುಗಿತು. ಮೇಲಿನ ಸಾಲಿನ ತುದಿ ಮುಟ್ಟಲು ನೀರಿಗೆ ಒಂದು ಮೊಳ ಉಳಿದಿತ್ತು. ಉದ್ದವ್ವ ಅನ್ನದ ಗಂಜಿ ಬಸಿದು, ಒಲೆ ಬಿಟ್ಟು ಓಡಿ ಬಂದು ಗೋಡೆಗೆ ಅಂಗೈ ಇಟ್ಟು ನಿಂತಳು. ಕಲ್ಲುಗಳು ತಂತಿಯೊಳಗೆ ಮೆಲ್ಲಗೆ ಗುರುಗುಡುತ್ತಿದ್ದವು. ನೀರು ಆ ಒಂದು ಮೊಳವನ್ನು ತಿನ್ನುತ್ತದೋ ಇಲ್ಲವೋ ಎಂದು ಹೇಳಬಲ್ಲ ಲೆಕ್ಕ ಅವಳ ಹತ್ತಿರ ಇರಲಿಲ್ಲ. ಕೈ ತೆಗೆಯದೆ ನಿಂತೇ ಇದ್ದಳು, ಶಾಲೆಯ ಗಂಟೆ ಹೊಡೆಯುವ ತನಕ. ಮಕ್ಕಳು ಬಂದಿದ್ದರು, ಮೂವತ್ತೊಂದು. ಬಡಿಸಬೇಕಿತ್ತು.