ಆಷಾಢದ ರಜೆ

ಭಯದಲ್ಲಿ ನನ್ನ ಅಂಗೈ ಬೆವರುತ್ತದೆ. ಆ ಶುಕ್ರವಾರ ಬೆಳಗ್ಗೆ ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟರೆ ಜಾರುತ್ತಿತ್ತು. ಸೆರಗಿನಲ್ಲಿ ಒರೆಸಿಕೊಂಡೆ, ಮತ್ತೆ ಒದ್ದೆಯಾಯಿತು. ಐವತ್ತು ದಾಟಿದ ಹೆಂಗಸು ಒಂದು ಲೆಕ್ಕದ ಮುಂದೆ ಹೀಗೆ ಬೆವರಿದ್ದನ್ನು ಬರೆಯಲು ನಾಚಿಕೆಯೇ. ಆದರೂ ಆಗಿದ್ದು ಹಾಗೆ.

ನಮ್ಮ ಕಚೇರಿ ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯಲ್ಲಿ, ಒಂದು ಹಳೆಯ ಮನೆಯ ಮೊದಲ ಮಹಡಿಯಲ್ಲಿತ್ತು. ಕಲ್ಯಾಣ ಮಂಟಪಗಳಿಗೆ, ಅಡುಗೆ ಕಂಟ್ರಾಕ್ಟರುಗಳಿಗೆ, ಹೂವಿನ ಅಲಂಕಾರದವರಿಗೆ ಬುಕಿಂಗ್ ನೋಡಿಕೊಳ್ಳುವ ಸಾಫ್ಟ್‌ವೇರನ್ನು ತಿಂಗಳ ಬಾಡಿಗೆಗೆ ಕೊಡುವ ಪುಟ್ಟ ಕಂಪನಿ. ಇಪ್ಪತ್ತೆರಡು ಜನ, ಎಂಟುನೂರು ಗಿರಾಕಿಗಳು. ಗಿರಾಕಿಯೊಬ್ಬನಿಗೆ ತಿಂಗಳಿಗೆ ಸರಾಸರಿ ಮೂರು ಸಾವಿರದಂತೆ ಇಪ್ಪತ್ನಾಲ್ಕು ಲಕ್ಷ ಬರುತ್ತಿತ್ತು. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಚಾಮರಾಜಪೇಟೆಯ ತೆರಿಗೆ ಸಲಹೆಗಾರರೊಬ್ಬರ ಬಳಿ ದುಡಿದಿದ್ದವಳು ನಾನು. ಆದದ್ದನ್ನು ಬರೆಯುವುದು ಚೆನ್ನಾಗಿ ಗೊತ್ತಿತ್ತು. ಆಗಬೇಕಾದದ್ದನ್ನು ಬರೆಯುವ ಕೆಲಸ ಇಲ್ಲಿಗೆ ಬಂದ ಮೇಲೆ ಕಲಿತದ್ದು, ಅದೂ ಅರ್ಧಂಬರ್ಧ.

ಮುಂದಿನ ಮೂರು ತಿಂಗಳಲ್ಲಿ ಎಷ್ಟು ಬರಬಹುದು ಎಂದು ಹೇಳುವುದು ಕೇಳಲು ಸುಲಭ. ಈ ತಿಂಗಳ ಮೊತ್ತ ಹಿಡಿಯಬೇಕು. ಬಿಟ್ಟುಹೋಗುವವರ ಪಾಲನ್ನು ಕಳೆಯಬೇಕು. ಅದನ್ನು ನಮ್ಮ ಹುಡುಗರು ‘ಚರ್ನ್’ ಅನ್ನುತ್ತಿದ್ದರು. ಇದ್ದವರೇ ಇನ್ನೊಂದು ಮಂಟಪವನ್ನೋ ಹೆಚ್ಚಿನ ಸೌಲಭ್ಯವನ್ನೋ ಸೇರಿಸಿಕೊಂಡರೆ ಅದನ್ನು ಕೂಡಿಸಬೇಕು. ಹೊಸದಾಗಿ ಸೇರುವವರನ್ನು ಕೂಡಿಸಬೇಕು. ಮುಂದಿನ ತಿಂಗಳಿಗೆ ಮತ್ತೆ ಅದೇ. ಕಳೆದ ಮೂರು ತಿಂಗಳು ನೋಡಿದರೆ ನೂರಕ್ಕೆ ಎರಡು ಪಾಲು ಬಿಟ್ಟುಹೋಗುತ್ತಿತ್ತು, ಇದ್ದವರಿಂದ ಒಂದೂವರೆ ಪಾಲು ಸೇರುತ್ತಿತ್ತು, ತಿಂಗಳಿಗೆ ನಲವತ್ತು ಹೊಸಬರು ಬರುತ್ತಿದ್ದರು. ಜುಲೈಗೆ ಇಪ್ಪತ್ತೈದು ಲಕ್ಷ, ಆಗಸ್ಟಿಗೆ ಇಪ್ಪತ್ತಾರು ದಾಟಿ, ಸೆಪ್ಟೆಂಬರಿಗೆ ಇಪ್ಪತ್ತೇಳು ದಾಟಿ, ಒಟ್ಟು ಎಪ್ಪತ್ತೆಂಟೂವರೆ ಲಕ್ಷದ ಹತ್ತಿರ ಬಂತು. ಮೂರು ತಿಂಗಳ ಖರ್ಚು ಅರವತ್ತೊಂಬತ್ತು. ಒಂಬತ್ತು ಲಕ್ಷಕ್ಕೂ ಮೇಲೆ ಉಳಿತಾಯ. ಬುಧವಾರ ಆ ಹಾಳೆಯನ್ನು ನಮ್ಮ ಮಾಲೀಕರಿಗೆ ಕೊಟ್ಟು, ಹೆಮ್ಮೆಯಿಂದಲೇ ಕಾಫಿಗೆ ಎದ್ದು ಹೋಗಿದ್ದೆ.

ಮಾಲೀಕರು ನನಗಿಂತ ಹದಿನೈದು ವರ್ಷ ಚಿಕ್ಕವರು. ಆ ಹಾಳೆಯ ಬಲದ ಮೇಲೆ ಅವರು ಬ್ಯಾಂಕಿನಿಂದ ಅರವತ್ತು ಲಕ್ಷ ಸಾಲ ತೆಗೆಯುವವರಿದ್ದರು. ಮೈಸೂರು, ತುಮಕೂರುಗಳಲ್ಲಿ ಜನರನ್ನು ಹಾಕಿ ವ್ಯಾಪಾರ ಬೆಳೆಸುವ ಆಸೆ. ತಿಂಗಳಿಗೆ ಕಂತು ಸುಮಾರು ಮೂರು ಲಕ್ಷ. ಅದಕ್ಕೆ ಭದ್ರತೆ ಅವರ ಮನೆ. ಹೆಂಡತಿ, ಎರಡು ವರ್ಷದ ಮಗಳು, ತಾಯಿ ಎಲ್ಲರೂ ಇದ್ದ ಒಂದೇ ಮನೆ. ಶುಕ್ರವಾರ ಹನ್ನೊಂದಕ್ಕೆ ಸಹಿ ಎಂದು ನನಗೆ ಹೇಳಿದ್ದರು.

ಶುಕ್ರವಾರ ಎಂಟೂವರೆಗೆ ನಾನು ಬಂದಾಗ ಗಿರಾಕಿಗಳ ಕರೆ ತೆಗೆದುಕೊಳ್ಳುವ ಹೆಂಗಸು ಆಗಲೇ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಒಳ್ಳೆಯ ಕೆಲಸಗಾರ್ತಿ, ಮಾತು ಜೇನಿನ ಹಾಗೆ. ಕರೆ ಮುಗಿಸಿ ನನ್ನ ಕಡೆ ತಿರುಗಿ ನಕ್ಕಳು.

“ಅಕ್ಕಾ, ಬೆಳಗ್ಗೆಯಿಂದ ಇನ್ನೂ ನಾಲ್ಕು ಮಂಟಪದೋರು ರಜೆ ಕೇಳಿದ್ರು. ಹಾಕ್ಬಿಟ್ಟೆ.”

“ಯಾರಿಗೆ ರಜೆ? ಎಂಥ ರಜೆ?”

“ಆಷಾಢದ್ದು ಅಕ್ಕಾ. ಮದುವೆ ಇಲ್ಲ ಅಲ್ವಾ, ಅದಕ್ಕೆ ನಿಲ್ಲಿಸ್ಬಿಡಿ ಅಂತಾರೆ. ಶುಭಕಾರ್ಯ ಮಾಡೋ ಜಾಗ, ನಾನು ಹೇಗೆ ‘ಮುಚ್ಚಿದೆ’ ಅಂತ ಬರೀಲಿ? ಅಶುಭ. ರಜೆ ಅಂತ ಹಾಕಿ, ಬಿಲ್ ನಿಲ್ಲಿಸಿ, ಶ್ರಾವಣಕ್ಕೆ ಬನ್ನಿ ಅಂತೀನಿ.”

“ಒಟ್ಟು ಎಷ್ಟು ಜನ?”

ಅವಳು ಎಣಿಸಿದಳು. ನೂರಾ ಹತ್ತು. ಎಲ್ಲವೂ ಹಿಂದಿನ ಮೂರು ವಾರದಲ್ಲಿ ಹಾಕಿದ್ದು. ಜೂನ್ ಒಂದನೇ ತಾರೀಕೇ ಬಿಲ್ ಹೋಗಿದ್ದರಿಂದ ಆ ತಿಂಗಳ ಮೊತ್ತಕ್ಕೆ ಏನೂ ತಗುಲಿರಲಿಲ್ಲ. ನಾನು ಬಿಟ್ಟುಹೋದವರನ್ನು ಎಣಿಸುತ್ತಿದ್ದದ್ದು ‘ಮುಚ್ಚಿದೆ’ ಎಂಬ ಪಟ್ಟಿಯಿಂದ ಮಾತ್ರ. ರಜೆಯವರು ನನ್ನ ಹಾಳೆಯಲ್ಲಿ ಜೀವಂತವಾಗಿ, ತಿಂಗಳಿಗೆ ಮೂರು ಸಾವಿರ ಕೊಡುತ್ತಾ ಕೂತಿದ್ದರು. ನನ್ನ ಎರಡು ಪಾಲು ಚರ್ನ್ ಶುದ್ಧ ಸುಳ್ಳು.

ಮೊದಲು ಅವಳ ಮೇಲೆ ರೇಗಿದೆ. “ನಂಗೊಂದು ಮಾತು ಹೇಳೋಕೇನಾಗಿತ್ತು ನಿಂಗೆ?” ಎಂದು ಕಿರುಚಿದೆ. ಅವಳ ಮುಖ ಸಣ್ಣಗಾಯಿತು. “ಹೋದ ವರ್ಷನೂ ಹಿಂಗೇ ಮಾಡಿದ್ದೆ ಅಕ್ಕಾ, ಯಾರೂ ಏನೂ ಅನ್ಲಿಲ್ಲ,” ಎಂದಳು.

ಹೋದ ವರ್ಷ. ಹಳೆಯ ಪಟ್ಟಿ ತೆಗೆದು ನೋಡಿದೆ. ಆಗ ನಮ್ಮ ಕಂಪನಿ ಇನ್ನೂ ಚಿಕ್ಕದು; ಆಷಾಢದಲ್ಲಿ ಮೂವತ್ತು ಜನ ರಜೆ ಹೋಗಿದ್ದರು. ಶ್ರಾವಣದಲ್ಲಿ ವಾಪಸ್ ಬಂದವರು ಹನ್ನೊಂದು. ಉಳಿದ ಹತ್ತೊಂಬತ್ತು ಜನ ಇವತ್ತಿಗೂ ರಜೆಯಲ್ಲಿದ್ದರು. ಆಗ ಬರಬೇಕಾದ ಮೊತ್ತಕ್ಕೂ ಬಂದ ಮೊತ್ತಕ್ಕೂ ತಾಳೆಯಾಗಿರಲಿಲ್ಲ. ಅದನ್ನು ಹುಡುಕಿ ಹೊರಟಿದ್ದರೆ ಅರ್ಧ ದಿನದ ಕೆಲಸ. ನಾನು ಹುಡುಕಲಿಲ್ಲ. ‘ರಿಯಾಯಿತಿ’ ಎಂದು ಒಂದು ಸಾಲು ಬರೆದು ಸರಿದೂಗಿಸಿದ್ದೆ. ನನ್ನದೇ ಕೈ. ಪರದೆಯ ಮೇಲೆ ಆ ಸಾಲು ನನ್ನನ್ನೇ ನೋಡುತ್ತಿತ್ತು.

ಕೂತು ಮತ್ತೆ ಲೆಕ್ಕ ಹಾಕಿದೆ. ನೂರಾ ಹತ್ತು ಜನರ ಮೂರು ಲಕ್ಷ ಮೂವತ್ತು ಸಾವಿರವನ್ನು ಮೊದಲಿಗೇ ತೆಗೆದೆ. ಉಳಿದವರಿಂದ ಎರಡು ಪಾಲು ಕಳೆಯುವುದನ್ನು ಹಾಗೇ ಬಿಟ್ಟೆ. ಸೌಲಭ್ಯ ಹೆಚ್ಚಿಸಿಕೊಳ್ಳುವುದು ಮದುವೆ ಕಾಲದ ಉತ್ಸಾಹ, ಅದನ್ನು ಸೊನ್ನೆ ಮಾಡಿದೆ. ಆಷಾಢದಲ್ಲಿ ಯಾರು ಹೊಸದನ್ನು ಶುರು ಮಾಡುತ್ತಾರೆ? ಜುಲೈಗೆ ನಲವತ್ತರ ಬದಲು ಹತ್ತು, ಶ್ರಾವಣದ ಆಗಸ್ಟಿಗೆ ನಲವತ್ತು, ಪಿತೃಪಕ್ಷ ಬರುವ ಸೆಪ್ಟೆಂಬರಿಗೆ ಇಪ್ಪತ್ತು. ಹೋದ ವರ್ಷದ ಲೆಕ್ಕದಲ್ಲಿ ರಜೆಯವರಲ್ಲಿ ನಲವತ್ತು ಜನ ಆಗಸ್ಟಿನಲ್ಲಿ ಮರಳುತ್ತಾರೆ ಎಂದಿಟ್ಟುಕೊಂಡೆ. ಇಪ್ಪತ್ತೂವರೆ, ಇಪ್ಪತ್ತೆರಡೂವರೆ, ಇಪ್ಪತ್ತೆರಡೂ ಮುಕ್ಕಾಲು. ಒಟ್ಟು ಸುಮಾರು ಅರವತ್ತಾರು ಲಕ್ಷ. ಖರ್ಚಿಗೇ ಮೂರು ಲಕ್ಷ ಕಡಿಮೆ. ಅದರ ಮೇಲೆ ಮೂರು ತಿಂಗಳಿಗೆ ಒಂಬತ್ತು ಲಕ್ಷದ ಕಂತು.

ಗಂಟೆ ಒಂಬತ್ತೂ ಮುಕ್ಕಾಲು. ಹನ್ನೊಂದಕ್ಕೆ ಇನ್ನೂ ಸಮಯವಿದೆ ಎಂದು ಒಂದು ನಿಮಿಷ ಸುಮ್ಮನೆ ಕೂತೆ. ಆ ಒಂದು ನಿಮಿಷದಲ್ಲಿ ನನ್ನ ತಲೆಗೆ ಬಂದ ಯೋಚನೆಯನ್ನೂ ಬರೆದುಬಿಡುತ್ತೇನೆ. ಹೇಳದಿದ್ದರೆ ಏನಾಗುತ್ತದೆ? ಜುಲೈ ಬಿಲ್ ಹೋದ ಮೇಲೆ ಎಲ್ಲರ ಜೊತೆ ನಾನೂ ಆಶ್ಚರ್ಯಪಟ್ಟರಾಯಿತು. ಈ ವಯಸ್ಸಿನಲ್ಲಿ ನನ್ನನ್ನು ಇನ್ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ? ಮಗಳ ಕಾಲೇಜಿನ ಫೀಸು ಕಣ್ಣ ಮುಂದೆ ಬಂತು. ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಮಾಲೀಕರಿಗೆ ಫೋನ್ ಮಾಡಿದೆ. ತೆಗೆಯಲಿಲ್ಲ. ಮತ್ತೆ ಮಾಡಿದೆ. ಮನೆಗೆ ಮಾಡಿದರೆ ಅವರ ತಾಯಿ ಎತ್ತಿಕೊಂಡರು.

“ಅವನು ಆಗ್ಲೇ ಬ್ಯಾಂಕಿಗೆ ಹೋದ್ನಲ್ಲಮ್ಮ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರುವಾಗತ್ತೆ, ಅದಕ್ಕೆ ಮುಂಚೆ ಸಹಿ ಹಾಕ್ಬಿಡು ಅಂತ ನಾನೇ ಕಳಿಸ್ದೆ. ಮ್ಯಾನೇಜರೂ ಒಪ್ಕೊಂಡ್ರಂತೆ.”

ಚಪ್ಪಲಿ ಹಾಕಿಕೊಂಡದ್ದು ನೆನಪಿಲ್ಲ. ಹಾಳೆಯನ್ನು ಪ್ರಿಂಟ್ ತೆಗೆದು ಕೈಯಲ್ಲಿ ಮುದುರಿ ಹಿಡಿದು ಕೆಳಗೆ ಓಡಿದೆ. ಹೂವಿನ ಅಂಗಡಿಗಳ ಮುಂದೆ ಸಿಕ್ಕ ಆಟೋದವನು ಬ್ಯಾಂಕಿದ್ದ ಚಾಮರಾಜಪೇಟೆಯ ಹೆಸರು ಹೇಳಿದೊಡನೆ “ಇಷ್ಟ್ ಹತ್ರಕ್ಕೆ ಬರಲ್ಲ” ಎಂದ. “ದುಪ್ಪಟ್ಟು ಕೊಡ್ತೀನಿ, ನಡಿಯಪ್ಪಾ!” ಎಂದು ಕೂಗಿದೆ. ಆಶ್ರಮದ ಸರ್ಕಲ್ಲಿನಲ್ಲಿ ಸಿಗ್ನಲ್ ಬಿತ್ತು. ಮುಂದೆ ನಿಂತಿದ್ದ ಬಸ್ಸಿನ ಹಿಂಭಾಗವನ್ನೇ ನೋಡುತ್ತಿದ್ದರೂ ಆ ಪುಟ್ಟ ಮಗು, ಆ ಮನೆಯ ಬಾಗಿಲಿಗೆ ಬ್ಯಾಂಕಿನವರು ಅಂಟಿಸುವ ಚೀಟಿ, ಇವೆರಡೇ ಕಾಣುತ್ತಿದ್ದವು. ದೇವರೇ, ಅವರ ಪೆನ್ನು ಬರೆಯದಿರಲಿ ಎಂದು ಬೇಡಿಕೊಂಡೆ. ಎಂಥ ಪೆದ್ದು ಬೇಡಿಕೆ.

ಬ್ಯಾಂಕಿನಲ್ಲಿ ಮ್ಯಾನೇಜರ ಕೋಣೆಯ ಗಾಜಿನಾಚೆ ಮಾಲೀಕರು ಬಗ್ಗಿ ಬರೆಯುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ. ಸಹಿಯಾದ ಹಾಳೆಗಳು ಒಂದು ಕಡೆ, ಇನ್ನೂ ಆಗದವು ಇನ್ನೊಂದು ಕಡೆ. ನಾನು ಬಾಗಿಲು ತಳ್ಳಿ ಒಳಗೆ ನುಗ್ಗಿದೆ. ಅಲ್ಲಿ ಮ್ಯಾನೇಜರ್ ಇದ್ದಾರೆ, ಹೊರಗೆ ಕರೆದು ಹೇಳಬೇಕು ಎಂಬ ವಿವೇಕ ಇರಲಿಲ್ಲ.

“ಸಾರ್, ಸಹಿ ಹಾಕ್ಬೇಡಿ. ನಾನು ಕೊಟ್ಟ ಲೆಕ್ಕ ತಪ್ಪು.”

ಮೂವರೂ ನನ್ನನ್ನು ನೋಡಿದರು. ಮಾಲೀಕರು ಪೆನ್ನನ್ನು ಕೆಳಗಿಡಲಿಲ್ಲ. “ಎಷ್ಟು ತಪ್ಪು?” ಎಂದರು.

“ಎಪ್ಪತ್ತೆಂಟೂವರೆ ಬರಲ್ಲ. ಅರವತ್ತಾರು.”

“ಯಾಕೆ?”

ನಿಂತುಕೊಂಡೇ ಹೇಳಿದೆ. ರಜೆಯವರನ್ನು ಹೇಳಿದೆ. ಹೋದ ವರ್ಷ ಮೂವತ್ತರಲ್ಲಿ ಹನ್ನೊಂದೇ ಮರಳಿದ್ದನ್ನು ಹೇಳಿದೆ. ಕೊನೆಗೆ ‘ರಿಯಾಯಿತಿ’ ಎಂಬ ಸಾಲನ್ನೂ ಹೇಳಿದೆ. “ಅದನ್ನ ಬರೆದಿದ್ದು ನಾನೇ ಸಾರ್. ಹುಡುಕ್ದೇನೇ ಬರೆದೆ,” ಎಂದೆ. ಅವರ ಹೆಂಡತಿ ತಲೆ ತಗ್ಗಿಸಿಕೊಂಡು ತಮ್ಮ ಮುಂದಿದ್ದ ಹಾಳೆಯನ್ನು ನಿಧಾನಕ್ಕೆ ದೂರ ಸರಿಸಿದರು. ಮ್ಯಾನೇಜರ್ ಸಹಿಯಾದ ಹಾಳೆಗಳನ್ನು ಒಟ್ಟುಮಾಡಿ, “ಎಲ್ಲಾ ಸಹಿ ಆಗೋವರ್ಗೂ ಇದು ಬರೀ ಕಾಗದ. ಇವತ್ತು ಬೇಡ ಬಿಡಿ,” ಎಂದು ಅವನ್ನು ಅಲ್ಲೇ ಹರಿದರು.

ಹೊರಗೆ ಬಂದ ಮೇಲೆ ಮಾಲೀಕರು ಫುಟ್‌ಪಾತಿನ ಮೇಲೆ ನಿಂತು ನನ್ನ ಹಾಳೆಯನ್ನು ಓದಿದರು. ಬೈಯುತ್ತಾರೆ ಎಂದು ಕಾದೆ. ಕೆಲಸದಿಂದ ತೆಗೆಯುತ್ತಾರೆ ಎಂದು ಕಾದೆ. ಓದಿ ಮುಗಿಸಿ ಅವರು ಕೇಳಿದ್ದು ಇಷ್ಟೇ. “ನಲವತ್ತು ಜನ ವಾಪಸ್ ಬರ್ತಾರೆ ಅಂತ ಬರೆದಿದ್ದೀರಲ್ಲ ಮೇಡಂ, ಇದು ನಿಜಾನಾ, ಇದೂ ರಿಯಾಯಿತೀನಾ?”

ಆ ಮಧ್ಯಾಹ್ನದಿಂದ ಒಂದು ವಾರ ನಾನೂ ಕರೆ ತೆಗೆದುಕೊಳ್ಳುವ ಆ ಹೆಂಗಸೂ ಪಕ್ಕಪಕ್ಕ ಕೂತು ನೂರಾ ಹತ್ತು ಜನಕ್ಕೂ ಫೋನ್ ಮಾಡಿದೆವು. ಅವಳ ಬಳಿ ಕ್ಷಮೆ ಕೇಳಿದೆ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ ಎಂಬಂತೆ ಮುಂದಿನ ನಂಬರು ಒತ್ತಿದಳು. ಮಲ್ಲೇಶ್ವರದ ಒಬ್ಬ ಮಂಟಪದವರು, “ಬಿಟ್ಬಿಟ್ವಿ ಕಣಮ್ಮ, ಆಯಮ್ಮ ಅಷ್ಟು ಮರ್ಯಾದೆಯಾಗಿ ಮಾತಾಡ್ತಾರೆ, ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ,” ಎಂದರು. ಹಾಗೆಂದವರು ಅವರೊಬ್ಬರೇ ಅಲ್ಲ. ಖಂಡಿತ ಬರುತ್ತೇವೆ ಎಂದವರು ಇಪ್ಪತ್ತಾರು.

ಸೆಪ್ಟೆಂಬರ್ ಮುಗಿದಾಗ ಬಂದದ್ದು ಅರವತ್ನಾಲ್ಕು ಲಕ್ಷ. ಮೂರು ತಿಂಗಳೂ ಎಲ್ಲರ ಸಂಬಳ ತಡವಾಯಿತು, ಮಾಲೀಕರು ತಮ್ಮದನ್ನು ತೆಗೆದುಕೊಳ್ಳಲೇ ಇಲ್ಲ. ಆ ಮೊತ್ತವನ್ನು ಅವರ ಮೇಜಿನ ಮೇಲಿಟ್ಟು ನಿಂತೆ. ಅವರು ಅದನ್ನು ನೋಡಿ, “ಮನೆಯಾದ್ರೂ ಉಳಿದಿದೆ,” ಎಂದರು. ಆಮೇಲೆ ಖಾಲಿ ಹಾಳೆಯೊಂದನ್ನು ನನ್ನ ಕಡೆ ತಳ್ಳಿ, ಅಕ್ಟೋಬರಿನಿಂದ ಡಿಸೆಂಬರಿಗೆ ಎಷ್ಟು ಬರುತ್ತದೆ ಬರೆಯಿರಿ ಎಂದರು. ಪೆನ್ನು ಹಿಡಿದೆ. ಅಂಗೈ ಒದ್ದೆಯಾಗಿತ್ತು, ಮೊದಲ ಅಂಕಿ ಬರೆಯಲು ಧೈರ್ಯವೇ ಬರಲಿಲ್ಲ.