ಗಾಜಿನಲ್ಲಿ ನಿಂತ ನೀರು

ಬಂಟ್ವಾಳದ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ನಾನು ಗುಮಾಸ್ತನಾಗಿದ್ದದ್ದು ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ. ಪತ್ರಿಕೆಯ ಕೆಲಸಕ್ಕೆ ಸೇರುವುದಕ್ಕೆ ಇನ್ನೂ ಸಮಯವಿತ್ತು. ಆ ದಿನಗಳನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ನೇತ್ರಾವತಿಯ ಮೇಲಿನ ಬೆಳಗಿನ ಮಂಜು. ಆವೆಮಣ್ಣು ತುಂಬಿದ ದೋಣಿಗಳು ಅದರೊಳಗಿಂದ ಸದ್ದಿಲ್ಲದೆ ಬರುತ್ತಿದ್ದವು. ದೋಣಿಗಿಂತ ಮೊದಲು ಬಿದಿರಿನ ಜಲ್ಲೆ ಊರುವವನ ತಲೆ ಕಾಣುತ್ತಿತ್ತು, ಅವನು ನೀರಿನ ಮೇಲೆ ನಡೆದೇ ಬರುತ್ತಿದ್ದಾನೆ ಎನ್ನುವಂತೆ. ಕಾರ್ಖಾನೆಯ ಉಗಿ ಮೇಲೇರಿ ಆ ಮಂಜಿನಲ್ಲಿ ಸೇರಿದರೆ ಯಾವುದು ನದಿಯದು, ಯಾವುದು ನಮ್ಮದು ಎಂದು ಹೇಳಲಾಗುತ್ತಿರಲಿಲ್ಲ.

ಆ ವರ್ಷ, ಹಂಚಿನ ಯಂತ್ರಗಳಿಗೆ ಉಗಿ ಕೊಡುವ ನಮ್ಮ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಹಿರಿಯರು ಕಣ್ಣು ಮಂಜಾಗಿ, ಬೇರೆ ಜನ ಸಿಕ್ಕಿದೊಡನೆ ಕೆಲಸ ಬಿಡುತ್ತೇನೆಂದರು. ಸರ್ಟಿಫಿಕೇಟು ಇರುವವನೇ ಬಾಯ್ಲರ್ ಪಕ್ಕದಲ್ಲಿರಬೇಕು ಎಂಬುದು ಕಾನೂನು. ಧಣಿಗಳು ಜನ ಹುಡುಕತೊಡಗಿದರು. ನನ್ನ ಅಕ್ಕನ ಗಂಡ ಆಗ ನಮ್ಮ ಮನೆಯಲ್ಲೇ ಇದ್ದರು. ಅವರ ಹತ್ತಿರ ಎರಡನೇ ದರ್ಜೆಯ ಬಾಯ್ಲರ್ ಸರ್ಟಿಫಿಕೇಟು ಇತ್ತು. ಕೆಲಸ ಇರಲಿಲ್ಲ.

ಭಾವ ಹತ್ತು ವರ್ಷ ಮೂಡಬಿದಿರೆಯ ಒಂದು ಅಕ್ಕಿಮಿಲ್ಲಿನಲ್ಲಿ ಬಾಯ್ಲರಿಗೆ ಸೌದೆ ಹಾಕಿದವರು. ಅಲ್ಲಿ ಭತ್ತವನ್ನು ಉಗಿಯಲ್ಲಿ ಬೇಯಿಸಿ ಕುಚ್ಚಲಕ್ಕಿ ಮಾಡುತ್ತಿದ್ದರು. ಹಳೆಯ ಮೇಸ್ತ್ರಿ ಹೋದ ಮೇಲೆ, ಪರೀಕ್ಷೆ ಪಾಸು ಮಾಡಿ ಇವರೇ ಆ ಜಾಗದಲ್ಲಿ ನಿಂತರು. ಒಂದೇ ಬೇಸಗೆ. ನಂತರ ಮಿಲ್ಲಿನ ಮಾಲೀಕರು ಅವರನ್ನು ಬಿಡಿಸಿದರು. ಹೆಂಡತಿಯ ತವರಿನಲ್ಲಿ ಕೂತು ಉಣ್ಣುವುದು ಅವರಿಗೆ ಆಗುತ್ತಿರಲಿಲ್ಲ. ಬೆಳಗ್ಗೆ ನಾವು ಏಳುವ ಮೊದಲೇ ಗಂಜಿ ಕುಡಿದು ಪಕ್ಕದ ಊರು ನರಿಕೊಂಬಿನ ಕಡೆಗೆ ನಡೆದುಬಿಡುತ್ತಿದ್ದರು, ಅಲ್ಲಿ ಏನೋ ಕೆಲಸ ಇದ್ದವರ ಹಾಗೆ. ಇಲ್ಲದಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಈ ಕೆಲಸ ಸಿಕ್ಕದಿದ್ದರೆ ಅಕ್ಕನನ್ನು ಇಲ್ಲೇ ಬಿಟ್ಟು ಬೊಂಬಾಯಿಯ ಹೋಟೆಲಿಗೆ ಹೋಗುವುದೆಂದು ಅವರು ತೀರ್ಮಾನಿಸಿದ್ದರು.

ಹಾಗಾಗಿ ಅವರನ್ನು ತಯಾರು ಮಾಡುವ ಕೆಲಸ ನಾನು ವಹಿಸಿಕೊಂಡೆ. ಬಾಯ್ಲರಿನ ಬಗ್ಗೆ ಇಂಗ್ಲಿಷಿನಲ್ಲಿದ್ದ ಒಂದು ಪ್ರಶ್ನೋತ್ತರದ ಪುಸ್ತಕವನ್ನು ಎಲ್ಲಿಂದಲೋ ತಂದು, ಅದರ ಉತ್ತರಗಳನ್ನು ಒಳ್ಳೆಯ ಕನ್ನಡಕ್ಕೆ ತಿರುಗಿಸಿ ಕಾಪಿ ಪುಸ್ತಕದಲ್ಲಿ ಬರೆದೆ. ಮನೆಯಲ್ಲಿ ನಾವಾಡುವುದು ತುಳು. ಕನ್ನಡವೆಂದರೆ ಶಾಲೆಯ ಮತ್ತು ಕಚೇರಿಯ ಮಾತು, ಇಸ್ತ್ರಿ ಮಾಡಿದ ಅಂಗಿಯ ಹಾಗೆ. ಭಾವ ಜಗಲಿಯಲ್ಲಿ ಕೂತು ಅದನ್ನು ಬಾಯಿಪಾಠ ಮಾಡಿದರು.

"ಪರೀಕ್ಷೆಯಲ್ಲಿ ಇನ್‌ಸ್ಪೆಕ್ಟರು ಇದೆಲ್ಲ ಕೇಳಲಿಲ್ಲ ಮಾರಾಯ," ಎಂದರು ಒಮ್ಮೆ. "ಅಲ್ಲಿ ಎದುರಿಗೆ ಬಾಯ್ಲರ್ ಇತ್ತು. ಅವರು ಕೈ ತೋರಿಸಿದ್ದಕ್ಕೆ ನಾನು ಕೈ ಹಾಕಿದೆ."

"ಇಲ್ಲಿ ಎದುರಿಗೆ ಮೇಜು ಇರ್ತದೆ ಭಾವ. ಮೇಜಿನ ಹತ್ತಿರ ಬಾಯಲ್ಲೇ ಹೇಳ್ಬೇಕು."

ಒಳಗಿನಿಂದ ಅಕ್ಕ ಅಂದಳು: "ಅವರಿಗೆ ನನ್ನ ಹತ್ತಿರವೇ ಮಾತು ಬರುವುದಿಲ್ಲ. ಇನ್ನು ಮೇಜಿನ ಹತ್ತಿರ ಉಂಟಾ?"

ಇನ್ನೊಂದು ಬುದ್ಧಿಯನ್ನೂ ನಾನು ಹೇಳಿದೆ. ಹಿಂದಿನ ಕೆಲಸ ಏಕೆ ಬಿಟ್ಟದ್ದು ಎಂದು ಕೇಳಿದರೆ 'ಸ್ವಂತ ಕಾರಣಗಳಿಂದ' ಎನ್ನಬೇಕು, ಅಷ್ಟೇ. ಮಿಲ್ಲಿನವರು ಬಿಡಿಸಿದ್ದನ್ನು ಎತ್ತಬಾರದು. ಭಾವ ನನ್ನ ಮುಖ ನೋಡಿದರು, ತಲೆಯಾಡಿಸಿದರು. ಬಿಡಿಸಿದ್ದು ಏಕೆ ಎಂದು ನಾನೂ ಕೇಳಲಿಲ್ಲ. ಕೇಳದೆ ಇರುವುದೇ ಮರ್ಯಾದೆ ಎಂದು ಆಗ ತಿಳಿದಿದ್ದೆ.

ಸಂದರ್ಶನದ ದಿನ ಮೋಡ ಮುಚ್ಚಿತ್ತು, ಮಳೆ ಇರಲಿಲ್ಲ. ಕಚೇರಿಯ ಕಿಟಕಿಯಿಂದ ಒಣಗಲು ಇಟ್ಟ ಹಸಿ ಹಂಚುಗಳ ಸಾಲು ಕಾಣುತ್ತಿತ್ತು. ಹಂಚು ಒತ್ತುವ ಯಂತ್ರದ ಸದ್ದು ನೆಲದ ಮೂಲಕ ಕಾಲಿಗೆ ತಾಗುತ್ತಿತ್ತು, ನಿದ್ದೆಯಲ್ಲಿರುವವನ ಎದೆಬಡಿತದ ಹಾಗೆ ಒಂದೇ ಸಮನೆ. ಮೇಜಿನ ಆಚೆ ಧಣಿಗಳು. ಪಕ್ಕದಲ್ಲಿ ಅವರು ಕರೆಸಿದ್ದ ಎಂಜಿನಿಯರು, ಮೈಸೂರು ಕಡೆಯವರು, ತುಳು ಬಾರದವರು. ಪ್ರಶ್ನೆ, ಉತ್ತರ ಬರೆದುಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು.

"ನಿನ್ನ ಭಾವ ಅಂತ ನನಗೆ ಗೊತ್ತುಂಟು," ಎಂದು ಧಣಿಗಳು ಮೊದಲೇ ಹೇಳಿದ್ದರು. "ನೀನು ಬಾಯಿ ಮುಚ್ಚಿ ಬರೆ. ಆಯ್ತಾ?"

ಎಂಜಿನಿಯರು ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿ ಮೇಜಿನ ಮೇಲಿಟ್ಟರು. "ಇದು ನಿಮ್ಮ ಹತ್ರ ಇದೆ. ಸರಿ. ಇದರಿಂದ ನಿಮಗೆ ಏನು ಕೆಲಸ ಬರುತ್ತೆ, ಹೇಳಿ."

ಭಾವ ಕೈಕಟ್ಟಿ ಶುರುಮಾಡಿದರು. "ಬಾಯ್ಲರ್ ಎಂಬುದು ಎಲ್ಲ ಕಡೆಯಿಂದಲೂ ಮುಚ್ಚಲ್ಪಟ್ಟ ಪಾತ್ರೆಯಾಗಿದ್ದು, ಅದರಲ್ಲಿ ಒತ್ತಡಕ್ಕೊಳಪಟ್ಟ ಉಗಿಯು ಉತ್ಪಾದಿಸಲ್ಪಡುತ್ತದೆ…"

ನನ್ನದೇ ವಾಕ್ಯ. ಬರೆದುಕೊಳ್ಳುತ್ತ ನನಗೇ ಬೇಸರವಾಯಿತು.

"ನೀರಿನ ಗಾಜಿನಲ್ಲಿ ನೀರು ಕಾಣದೆ ಹೋದರೆ?" ಬಾಯ್ಲರಿನೊಳಗೆ ನೀರು ಎಷ್ಟಿದೆಯೆಂದು ಹೊರಗಿನಿಂದ ತಿಳಿಯುವುದು ಅದರ ಎದುರಿನ ಗಾಜಿನ ಕೊಳವೆಯಿಂದ.

"ನೀರು ದೃಗ್ಗೋಚರವಾಗದಿದ್ದಲ್ಲಿ, ಬೆಂಕಿಯನ್ನು ಹೊರಗೆಳೆಯತಕ್ಕದ್ದು. ಹೊಸ ನೀರನ್ನು ಒಳಬಿಡಕೂಡದು. ಗಾಳಿಯ ಬಾಗಿಲನ್ನು ಮುಚ್ಚತಕ್ಕದ್ದು."

"ತಪ್ಪೇನಿಲ್ಲ," ಎಂದರು ಎಂಜಿನಿಯರು. ಆ ಮಾತಿನಲ್ಲಿ ಮೆಚ್ಚುಗೆ ಇರಲಿಲ್ಲ. "ಪುಸ್ತಕದಲ್ಲಿ ಹೀಗೇ ಇದೆ. ಇದನ್ನ ನೀವು ಯಾವತ್ತಾದ್ರೂ ಮಾಡಿದ್ದೀರಾ?"

ಭಾವ ನನ್ನ ಕಡೆ ನೋಡಿದರು. ಆ ಪ್ರಶ್ನೆ ಕಾಪಿ ಪುಸ್ತಕದಲ್ಲಿ ಇರಲಿಲ್ಲ. ಕನ್ನಡದಲ್ಲಿ ಎಲ್ಲಿಂದ ಶುರುಮಾಡುವುದೆಂದು ಅವರಿಗೆ ತಿಳಿಯಲಿಲ್ಲ.

ಧಣಿಗಳಿಗೆ ಸಹನೆ ಕಡಿಮೆ. "ತುಳುಟೇ ಪನ್ಲ ಮಾರಾಯಾ," ಎಂದರು. ತುಳುವಿನಲ್ಲೇ ಹೇಳು ಎಂದು. ಆಮೇಲೆ ನನ್ನತ್ತ ತಿರುಗಿ, "ನೀನು ಇವರಿಗೆ ಕನ್ನಡ ಮಾಡಿ ಹೇಳು," ಎಂದರು. ಅಷ್ಟರಲ್ಲಿ ಮಣ್ಣಿನ ದೋಣಿ ಬಂತೆಂದು ಕೂಗು ಕೇಳಿ ಎದ್ದು ಹೊರಗೆ ಹೋದರು.

ಕೋಣೆಯಲ್ಲಿ ನಾವು ಮೂವರು ಉಳಿದೆವು. ಎರಡೂ ಭಾಷೆ ಬಲ್ಲವನು ನಾನೊಬ್ಬನೇ.

ಭಾವ ಕಟ್ಟಿದ ಕೈ ಬಿಚ್ಚಿ ತುಳುವಿನಲ್ಲಿ ಮಾತಾಡಿದರು. ಅವರ ಕೈಗಳು ಗಾಳಿಯಲ್ಲಿ ನಲ್ಲಿ ತಿರುಗಿಸಿದವು. ಅವರು ನಿಲ್ಲಿಸಿದಲ್ಲೆಲ್ಲ ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಮಳೆಗಾಲದ ಮೊದಲ ವಾರ. ಮಿಲ್ಲಿನ ಕೆರೆಯ ನೀರು ಕೆಂಪಾಗಿತ್ತು. ಎರಡು ಗಾಜುಗಳಲ್ಲಿ ಒಂದು ಒಡೆದು, ಹೊಸದು ಬರುವವರೆಗೆ ಅದನ್ನು ಮುಚ್ಚಿಟ್ಟಿದ್ದರು. ಇನ್ನೊಂದರಲ್ಲಿ ನೀರು ಅರ್ಧದಷ್ಟು ಕಾಣುತ್ತಿತ್ತು.

"ಅರ್ಧ ಕಾಣ್ತಿದ್ರೆ ಏನು ತೊಂದರೆ?" ಎಂಜಿನಿಯರು ಕೇಳಿದರು.

"ಅದು ಅಲುಗುತ್ತಿರಲಿಲ್ಲವಂತೆ," ಎಂದೆ. "ಬಾಯ್ಲರ್ ಕುದಿಯುವಾಗ ಗಾಜಿನ ನೀರು ಸಣ್ಣಗೆ ಮೇಲೆ ಕೆಳಗೆ ಆಡ್ತಾ ಇರಬೇಕಂತೆ. ಅದು ಸುಮ್ಮನೆ ನಿಂತಿತ್ತಂತೆ. ಚಿತ್ರ ಬರೆದಿಟ್ಟ ಹಾಗೆ."

ಎಂಜಿನಿಯರು ಕುರ್ಚಿ ಮುಂದೆ ಎಳೆದುಕೊಂಡರು.

ಭಾವ ಗಾಜಿನ ಮೇಲಿನ ಉಗಿಯ ನಲ್ಲಿ ಮುಚ್ಚಿ, ಅಡಿಯ ನಲ್ಲಿ ಬಿಟ್ಟು ನೋಡಿದ್ದರು. ಬಾಯ್ಲರಿನ ನೀರು ಭರ್ರನೆ ನುಗ್ಗಬೇಕಿತ್ತು. ನಾಲ್ಕು ಹನಿ ಬಿದ್ದು ನಿಂತಿತು. ನೀರಿನ ದಾರಿಗೆ ಕೆಸರು ಕಟ್ಟಿತ್ತು. ಅಂದರೆ ಗಾಜು ತೋರಿಸುತ್ತಿದ್ದದ್ದು ಸುಳ್ಳು. ಒಳಗೆ ನೀರು ಎಷ್ಟಿದೆ ಎಂದು ಯಾರಿಗೂ ತಿಳಿಯದು. ನೀರು ಬಿಡುವ ಪಂಪನ್ನು ಅವರು ಮುಟ್ಟಲಿಲ್ಲ; ಒಳಗೆ ನೀರು ಬತ್ತಿದ್ದರೆ, ಕಾದ ಕಬ್ಬಿಣಕ್ಕೆ ತಣ್ಣೀರು ತಾಗಿ ಬಾಯ್ಲರೇ ಸಿಡಿದೀತು. ಬೆಂಕಿ ಎಳೆದು ಹೊರಹಾಕಿದರು, ಗಾಳಿಯ ಬಾಗಿಲು ಮುಚ್ಚಿದರು, ಮಿಲ್ಲು ನಿಂತಿತು. ತೊಟ್ಟಿಯಲ್ಲಿ ಅರೆಬೆಂದ ಭತ್ತ ಹುಳಿ ವಾಸನೆ ಹಿಡಿಯಿತು. ಮಾಲೀಕರು ಬಂದು ಕೂಗಾಡಿದರು. ಆರಿದ ಮೇಲೆ ಬಾಯ್ಲರ್ ಬಿಚ್ಚಿ ನೋಡಿದರೆ ಒಳಗೆ ನೀರು ಇತ್ತು, ಬೆಂಕಿ ತಾಗುವ ಮಟ್ಟದಿಂದ ನಾಲ್ಕು ಬೆರಳು ಮೇಲೆ.

ಮುಂದಿನ ವಾಕ್ಯವನ್ನು ಭಾವ ಮೆಲ್ಲನೆ ಹೇಳಿದರು. "ನೀರಿದ್ದ ಬಾಯ್ಲರನ್ನು ನಿಲ್ಲಿಸಿ ಭತ್ತ ಹಾಳು ಮಾಡಿದ ಎಂದು ಆ ವಾರವೇ ನನ್ನನ್ನು ಬಿಡಿಸಿದರು."

ಯಂತ್ರದ ಸದ್ದು ದೂರ ಹೋದ ಹಾಗಿತ್ತು. ಕಿಟಕಿಯಾಚೆ ಉಗಿಯ ಸುರುಳಿಯೊಂದು ಬೆಳ್ಳಗೆ ಹೊರಳುತ್ತಿತ್ತು. ಈ ಒಂದು ಮಾತನ್ನು ಬಿಟ್ಟುಬಿಟ್ಟರೆ ಎದುರಿಗಿದ್ದವರಿಗೆ ಗೊತ್ತಾಗುತ್ತಿರಲಿಲ್ಲ. 'ಆಮೇಲೆ ಸ್ವಂತ ಕಾರಣಗಳಿಂದ ಬಿಟ್ಟರು' ಎಂಬ ವಾಕ್ಯ ನಾಲಗೆಯ ತುದಿಯಲ್ಲೇ ಇತ್ತು. ಭಾವ ನನ್ನನ್ನೇ ನೋಡುತ್ತಿದ್ದರು. ನಾನು ಏನು ಹೇಳುತ್ತೇನೆಂದು ತಿಳಿಯುವಷ್ಟು ಕನ್ನಡ ಅವರಿಗೆ ಬರುತ್ತಿತ್ತು.

"ಅದಕ್ಕೇ ಅವರನ್ನು ಕೆಲಸದಿಂದ ಬಿಡಿಸಿದ್ರು," ಎಂದೆ. ಹಾಳೆಯಲ್ಲೂ ಹಾಗೇ ಬರೆದೆ.

ಎಂಜಿನಿಯರು ಭಾವನ ಕಡೆಗೇ ತಿರುಗಿ ನಿಧಾನವಾಗಿ ಕೇಳಿದರು. "ಒಳಗೆ ನೀರು ಇತ್ತಲ್ರೀ. ಅಷ್ಟೊಂದು ಭತ್ತ ಸುಮ್ಮನೆ ಹಾಳಾಯ್ತಲ್ಲ. ಈಗ ಏನನ್ನಿಸುತ್ತೆ?"

ಈ ಸಲ ಭಾವ ನನಗಾಗಿ ಕಾಯಲಿಲ್ಲ. ತಮಗೆ ಬಂದ ಕನ್ನಡದಲ್ಲೇ ಹೇಳಿದರು. "ನೀರು ಉಂಟು ಅಂತ ಮರುದಿನ ಗೊತ್ತಾದದ್ದು. ಆ ಹೊತ್ತಿಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂತಾದ್ರೆ ಬೆಂಕಿ ಎಳೀಬೇಕು. ನಾಳೆ ಆದ್ರೂ ಎಳೀತೇನೆ."

ಮೇಜಿನ ಮೇಲಿದ್ದ ಸರ್ಟಿಫಿಕೇಟಿನತ್ತ ಕೈ ತೋರಿಸಿದರು. "ಇದು ಇಲ್ಲದಾಗ ಮೇಸ್ತ್ರಿ ಹೇಳ್ತಿದ್ರು, ನಾನು ಮಾಡ್ತಿದ್ದೆ. ಇದು ಬಂದ ಮೇಲೆ ಹೇಳುವವರು ಇಲ್ಲ. ನಾನೇ ಹೇಳ್ಬೇಕು. ಧಣಿಗೂ ಹೇಳ್ಬೇಕು. ಇದರಿಂದ ಬಂದದ್ದು ಅದೊಂದು, ಸ್ವಾಮಿ."

"ಆವತ್ತು ನಿಮ್ಮಿಂದ ಏನೂ ತಪ್ಪಾಗಿಲ್ಲವಾ?"

"ಆಗಿದೆ. ಕೆಂಪು ನೀರು ಬಂದ ದಿನವೇ ಬಾಯ್ಲರಿನ ಅಡಿಯ ನೀರನ್ನು ಹೆಚ್ಚು ಸಲ ಬಿಟ್ಟು ಕೆಸರು ತೆಗೀಬೇಕಿತ್ತು. ಗಾಜಿನ ನಲ್ಲಿಯನ್ನೂ ಮತ್ತೆ ಮತ್ತೆ ಬಿಟ್ಟು ನೋಡ್ಬೇಕಿತ್ತು. ಬೇಸಗೆಯ ಲೆಕ್ಕದಲ್ಲೇ ನಡೆಸಿದೆ." ಆಮೇಲೆ ಅವರೇ ಕೇಳಿದರು: "ಇಲ್ಲಿ ನದಿ ನೀರಲ್ವಾ? ಬಾಯ್ಲರಿಗೆ ಬಿಡುವ ಮೊದಲು ಕೆಸರು ಇಳಿಯಲಿಕ್ಕೆ ತೊಟ್ಟಿ ಉಂಟಾ?"

ಎಂಜಿನಿಯರು ನನ್ನನ್ನು ನೋಡಿದರು. ನನಗೆ ಗೊತ್ತಿರಲಿಲ್ಲ. ಎರಡು ವರ್ಷ ಅಲ್ಲಿ ಕೆಲಸ ಮಾಡಿದ್ದರೂ ಬಾಯ್ಲರಿನ ಕೋಣೆಯೊಳಗೆ ನಾನು ಕಾಲಿಟ್ಟಿರಲಿಲ್ಲ.

ಅಷ್ಟರಲ್ಲಿ ಧಣಿಗಳು ಕೆಸರಿನ ಕಾಲಿನಲ್ಲಿ ಒಳಬಂದರು. "ಏನಾಯ್ತು? ಜನ ಆದೀತಾ?"

"ಇವರು ನಿಮ್ಮ ಕಾರ್ಖಾನೆ ನಿಲ್ಲಿಸಿಬಿಡ್ತಾರೆ," ಎಂದರು ಎಂಜಿನಿಯರು.

"ಅಯ್ಯೋ! ಯಾವಾಗ?"

"ನಿಲ್ಲಿಸಬೇಕಾದಾಗ. ಕೂಗಾಡಬಾರದು ನೀವು. ಒಪ್ಪಿಗೆ ಇದ್ರೆ ತಗೊಳ್ಳಿ."

ಧಣಿಗಳು ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೂಗಾಡುವುದು ನನಗೆ ಅಭ್ಯಾಸ ಮಾರಾಯ. ನೀನು ಕೇಳಿಸಿಕೊಳ್ಳಬೇಡ, ಆಯ್ತಲ್ಲ? ಮಳೆಗಾಲ ಮುಗಿಯುವವರೆಗೆ ನೋಡುವ. ಆಮೇಲೆ ಖಾಯಂ."

ಎಂಜಿನಿಯರು ಅವರನ್ನು ಬಾಯ್ಲರಿನ ಕೋಣೆಗೆ ಕರೆದುಕೊಂಡು ಹೋದರು. ಹಾಳೆಯ ಶಾಯಿ ಒಣಗಿಸುತ್ತ ನಾನೂ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ. ಒಳಗೆ ಬೆಂಕಿಯ ಕೆಂಪು ಬೆಳಕು, ಅದರ ಮೇಲೆ ಉಗಿ. ಭಾವ ಅದರೊಳಗೆ ನಡೆದುಹೋದಾಗ ಮೊದಲು ಕಾಲು ಮಾಯವಾಯಿತು, ನಂತರ ಬೆನ್ನು. ಯಾರೂ ಹೇಳದೆಯೇ ಅವರು ಗಾಜಿನ ಅಡಿಯ ನಲ್ಲಿಗೆ ಕೈ ಹಾಕಿದರು. ಭರ್ರೆಂದು ನೀರು, ಆಮೇಲೆ ಉಗಿ. ನಲ್ಲಿ ಮುಚ್ಚಿದೊಡನೆ ಗಾಜಿನಲ್ಲಿ ನೀರು ಚಂಗನೆ ಏರಿ, ನಿಂತು, ಸಣ್ಣಗೆ ಅಲುಗತೊಡಗಿತು. ಭಾವ ಅದನ್ನು ನೋಡುತ್ತಲೇ ಇದ್ದರು. ಸೌದೆ ಹಾಕುವವನಿಗೆ ಏನೋ ಹೇಳಿದರು, ಅವನು ಸೌದೆ ಕೆಳಗಿಟ್ಟು ಹತ್ತಿರ ಬಂದು ತಾನೂ ಬಗ್ಗಿ ನೋಡಿದ.

ಮನೆಗೆ ಹೋಗುವ ಎಂದು ಕರೆಯಲು ಮಧ್ಯಾಹ್ನದವರೆಗೆ ಕಾದೆ. ಕೊನೆಗೆ ಅವರೇ ಬಾಗಿಲಿಗೆ ಬಂದು, ಮುಖದ ಬೆವರು ಒರೆಸಿಕೊಳ್ಳುತ್ತ, "ನೀನು ಹೋಗು, ಅಕ್ಕನಿಗೆ ಹೇಳು. ತೊಟ್ಟಿ ಇಲ್ಲ ಇಲ್ಲಿ. ಒಂದು ಕಟ್ಟಿಸ್ಬೇಕು," ಎಂದು ಮತ್ತೆ ಒಳಗೆ ಹೋದರು.